ಬೀಜ ತೂಗಿ ಹಾಕಿ, ಪುಡಿ ಪೂರ್ತಿ ಪಡೆಯಿರಿ: ಕಾಫಿ ಗ್ರೈಂಡರ್‌ನ ಉಳಿಕೆ, ಸ್ಟ್ಯಾಟಿಕ್ ಮತ್ತು ಎರಡು ಹನಿ ನೀರು

ದಾವಣಗೆರೆಯಲ್ಲಿ ಜೋಳದ ಡಬ್ಬಿ ಹಿಡಿದು ಗಿರಣಿಗೆ ಹೋದವರ ಮೊದಲ ಪ್ರಶ್ನೆ, "ಅಣ್ಣಾ, ಇದಕ್ಕಿಂತ ಮುಂಚೆ ಏನ್ ಹಾಕಿದ್ರಿ?" ರಾಗಿ ಅಂದರೆ ಮುಖ ಸ್ವಲ್ಪ ಸಣ್ಣದಾಗುತ್ತದೆ, ಖಾರದಪುಡಿ ಅಂದರೆ ಡಬ್ಬಿ ವಾಪಸ್ಸು ಬರುತ್ತದೆ. ಕಲ್ಲಿನ ಸಂದಿಯಲ್ಲಿ, ಬಾಯಿಗೆ ಕಟ್ಟಿದ ಬಟ್ಟೆಯ ಮಡಿಕೆಯಲ್ಲಿ ಹಿಂದಿನವರ ಹಿಟ್ಟು ಕೂತಿರುತ್ತದೆ, ಅದು ನಮ್ಮ ಹಿಟ್ಟಿನ ಜತೆಗೇ ಬರುತ್ತದೆ ಎಂಬುದು ರೊಟ್ಟಿ ತಟ್ಟುವ ಎಲ್ಲರಿಗೂ ಗೊತ್ತು. ಗಿರಣಿಯವರು ಕೊನೆಗೆ ಆ ಬಟ್ಟೆಗೆ ಪಟಪಟ ಬಡಿಯುವುದೂ ಅದಕ್ಕೇ.

ಮನೆಯ ಕಾಫಿ ಗ್ರೈಂಡರ್‌ನಲ್ಲಿ ನಡೆಯುವುದೂ ಇದೇ. (ದೋಸೆ ಹಿಟ್ಟಿನ ಗ್ರೈಂಡರ್ ಅಲ್ಲ, ಒಣ ಕಾಫಿಬೀಜ ಪುಡಿ ಮಾಡುವ ಯಂತ್ರ.) ವ್ಯತ್ಯಾಸ ಒಂದೇ: ಇಲ್ಲಿ ಮುಂಚೆ ಹಾಕಿದವರು ನೀವೇ, ನಿನ್ನೆ ಸಂಜೆ. ಇವತ್ತು ಬೆಳಗ್ಗೆ 18 ಗ್ರಾಂ ಹಾಕಿ 18 ಗ್ರಾಂ ಪಡೆದರೂ ಅದರಲ್ಲಿ ಒಂದೂವರೆ ಗ್ರಾಂ ನಿನ್ನೆಯದಾಗಿರಬಹುದು. ತಕ್ಕಡಿ ಅದನ್ನು ಹೇಳುವುದಿಲ್ಲ. ಹೇಳುವಂತೆ ಮಾಡುವುದು ಹೇಗೆ, ಆ ಹಳೆಯ ಪುಡಿಯನ್ನು ಕಡಿಮೆ ಮಾಡುವುದು ಹೇಗೆ, ನಮ್ಮ ಊರಿನ ಒಣಗಾಳಿಯಲ್ಲಿ ಅದಕ್ಕೆ ಎಷ್ಟು ನೀರು ಬೇಕು ಎಂಬುದಷ್ಟೇ ಈ ಬರಹದ ವಿಷಯ.

ಯಾರಿಗೆ ಬೇಕು, ಯಾರಿಗೆ ಬೇಡ

ಸಿಂಗಲ್ ಡೋಸಿಂಗ್ ಎಂದರೆ ಗ್ರೈಂಡರ್‌ನ ಮೇಲಿನ ಹಾಪರ್ ತುಂಬಿಡದೆ, ಪ್ರತಿ ಸಲ ಬೇಕಾದಷ್ಟೇ ಬೀಜ ತೂಗಿ ಹಾಕಿ, ಅಷ್ಟನ್ನೂ ಪುಡಿ ಮಾಡಿ ಹೊರಗೆ ತೆಗೆಯುವುದು. ದಿನಕ್ಕೆ ಎರಡು ಮೂರು ಸಲ ಕಾಫಿ ಮಾಡುವ ಮನೆಗೆ ಇದೇ ಸರಿ. ಕಾಲು ಕೆಜಿ ಬೀಜ ಹಾಪರ್‌ನಲ್ಲಿ ವಾರಗಟ್ಟಲೆ ಏಪ್ರಿಲ್ ಸೆಕೆಗೆ ಬಿದ್ದಿದ್ದರೆ ಅದರ ಪರಿಮಳ ಅಡುಗೆಮನೆಗೆ ಹೋಗುತ್ತದೆ, ಲೋಟಕ್ಕೆ ಬರುವುದಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ನಿಲ್ಲದೆ ಕಾಫಿ ಕೊಡುವ ಹೋಟೆಲಿಗೆ ಇದು ಬೇಡ. ಅಲ್ಲಿ ಒಳಗೆ ಉಳಿದ ಪುಡಿಗೆ ಹಳತಾಗಲು ಸಮಯವೇ ಸಿಗುವುದಿಲ್ಲ. ಮಿಕ್ಸಿಯಲ್ಲಿ ಬೀಜ ಪುಡಿ ಮಾಡುವವರೂ ಇದನ್ನು ಬಿಡಬಹುದು. ಜಾರ್ ಬಗ್ಗಿಸಿ ಕೆರೆದರೆ ಎಲ್ಲವೂ ಬಂದುಬಿಡುತ್ತದೆ.

ಎಸ್ಪ್ರೆಸೊ ಮಾಡುವವರಿಗೆ ಉಳಿಕೆಯ ಪೆಟ್ಟು ಹೆಚ್ಚು. ಪುಡಿಯಾದ ಕಾಫಿ ತನ್ನೊಳಗಿನ ಅನಿಲವನ್ನು ಬೇಗ ಬಿಟ್ಟುಕೊಡುತ್ತದೆ, ಹಳೆಯ ಪುಡಿಯಲ್ಲಿ ನೀರು ಬೇಗ ಹರಿದುಹೋಗುತ್ತದೆ. ಮೊದಲ ಶಾಟ್ ಸರ್ರನೆ ಇಳಿದು ಎರಡನೆಯದು ಸರಿಯಾಗಿ ಬರುತ್ತಿದ್ದರೆ ಮಷಿನ್ ಬಿಸಿಯಾಗಿಲ್ಲ ಎಂದು ಎಲ್ಲರೂ ದೂರುತ್ತಾರೆ. ಕೆಲವೊಮ್ಮೆ ಅದು ನಿಜ. ಆದರೆ ಗ್ರೈಂಡರ್‌ನಲ್ಲಿ ರಾತ್ರಿಯೆಲ್ಲ ಕೂತ ಪುಡಿ ಮೊದಲ ಡೋಸ್‌ಗೆ ಸೇರಿದ್ದೂ ಅಷ್ಟೇ ಸಾಮಾನ್ಯ ಕಾರಣ. ಹಿತ್ತಾಳೆ ಫಿಲ್ಟರ್‌ಗೆ 30 ಗ್ರಾಂ ಹಾಕುವವರಿಗೆ ಹರಿವಿನ ಚಿಂತೆ ಇಲ್ಲ. ಅವರಿಗೆ ಕಾಡುವುದು ಮೂಲೆಯಲ್ಲಿ ತಿಂಗಳುಗಟ್ಟಲೆ ಕೂತು ಕಮಟಿದ ಎಣ್ಣೆಯ ವಾಸನೆ.

ಸಾಮಾನು

0.1 ಗ್ರಾಂ ತೋರಿಸುವ ತಕ್ಕಡಿ ಸಾಕು, 0.01 ತೋರಿಸುವ ಚಿಕ್ಕ ತಕ್ಕಡಿ ಇದ್ದರೆ ಒಳ್ಳೆಯದು. ಒಂದು ಸ್ಟೀಲ್ ಲೋಟ, ಮೆತ್ತನೆ ಬ್ರಷ್, ಅತ್ತರ್ ಅಥವಾ ಸ್ಯಾನಿಟೈಸರ್‌ನ ಚಿಕ್ಕ ಸ್ಪ್ರೇ ಬಾಟಲಿಯಂಥದ್ದು (ಹೊಸದು ಕೊಳ್ಳಿ, ಹಳೆಯದರ ವಾಸನೆ ಎಷ್ಟು ತೊಳೆದರೂ ಹೋಗುವುದಿಲ್ಲ), ಹಾಪರ್ ಜಾಗದಲ್ಲಿ ಕೂರಿಸುವ ರಬ್ಬರ್ ಅಥವಾ ಸಿಲಿಕಾನ್ ತಿದಿ. ಕಮ್ಮಾರನ ತಿದಿಯ ಕೆಲಸವನ್ನೇ ಇದೂ ಮಾಡುತ್ತದೆ: ಮೇಲಿಂದ ಒತ್ತಿದರೆ ಗಾಳಿ ಹಲ್ಲುಬಿಲ್ಲೆಗಳ ನಡುವೆ ನುಗ್ಗಿ ಸಂದಿಯಲ್ಲಿರುವುದನ್ನು ಬಾಯಿಯಿಂದ ಹೊರಗೆ ತಳ್ಳುತ್ತದೆ. ಬೀಜ ಅರೆಯುವ ಆ ಎರಡು ಬಿಲ್ಲೆಗಳಿಗೆ ಅಂಗಡಿಯಲ್ಲಿ ಬರ್ ಎನ್ನುತ್ತಾರೆ.

ಸ್ಪ್ರೇಗೆ ಬೋರ್‌ವೆಲ್ ನೀರು ಬೇಡ. ದಾವಣಗೆರೆ, ಚಿತ್ರದುರ್ಗದ ಕೊಳವೆಬಾವಿ ನೀರು ಹೆಚ್ಚಿನ ಕಡೆ ಗಡಸು. ಕೆಲವೇ ವಾರಗಳಲ್ಲಿ ಸ್ಪ್ರೇಯ ಸಣ್ಣ ತೂತಿಗೆ ಬಿಳಿ ಪೊರೆ ಕಟ್ಟಿ, ಮಂಜಿನಂತೆ ಬೀಳಬೇಕಾದ ನೀರು ಒಂದೇ ದಪ್ಪ ಎಳೆಯಾಗಿ ಚಿಮ್ಮತೊಡಗುತ್ತದೆ. ಕ್ಯಾನ್‌ನಲ್ಲಿ ಹಿಡಿದು ತರುವ ಶುದ್ಧ ಕುಡಿಯುವ ನೀರಿನ ಘಟಕದ ನೀರೇ ಸಾಕು. ಬಾಟಲಿಯ ನೀರನ್ನು ವಾರಕ್ಕೊಮ್ಮೆ ಚೆಲ್ಲಿ ಹೊಸದು ತುಂಬಿಸಿ.

ಮೊದಲು ಅಳತೆ: ನಿಮ್ಮ ಗ್ರೈಂಡರ್ ಎಷ್ಟು ಇಟ್ಟುಕೊಳ್ಳುತ್ತದೆ

ಹೆಚ್ಚಿನವರು ತಪ್ಪುವುದು ಇಲ್ಲೇ. 18 ಗ್ರಾಂ ಹಾಕುತ್ತಾರೆ, 18 ಗ್ರಾಂ ಬರುತ್ತದೆ, "ನನ್ನ ಗ್ರೈಂಡರ್‌ನಲ್ಲಿ ಉಳಿಕೆಯೇ ಇಲ್ಲ" ಎಂದು ನಿರ್ಧರಿಸುತ್ತಾರೆ. ತುಂಬಿದ ಕೊಡಕ್ಕೆ ಒಂದು ಲೋಟ ನೀರು ಹೊಯ್ದರೆ ಒಂದು ಲೋಟ ಹೊರಗೆ ಚೆಲ್ಲುತ್ತದೆ. ಹಾಗೆಂದು ಕೊಡ ಖಾಲಿ ಇದೆ ಎನ್ನಲಾಗುವುದಿಲ್ಲವಲ್ಲ. ಗ್ರೈಂಡರ್‌ನ ಒಳಗಿನ ಮೂಲೆಗಳು ಒಮ್ಮೆ ತುಂಬಿದ ಮೇಲೆ ಹೊಸದು ಎಷ್ಟು ಒಳಗೆ ಹೋಗುತ್ತದೋ ಅಷ್ಟೇ ತೂಕದ ಹಳತು ಹೊರಗೆ ಬರುತ್ತದೆ. ಆದ್ದರಿಂದ ಅಳೆಯಬೇಕಾದದ್ದು ಪೂರ್ತಿ ಖಾಲಿ ಗ್ರೈಂಡರ್‌ನಲ್ಲಿ.

ಪ್ಲಗ್ ಕಿತ್ತು, ಮೇಲಿನ ಬಿಲ್ಲೆ ಬಿಚ್ಚಿ, ಬ್ರಷ್‌ನಿಂದ ಒಳಗೋಡೆ, ಹಲ್ಲುಗಳು, ಪುಡಿ ಹೊರಬರುವ ಕೊಳವೆ ಎಲ್ಲವನ್ನೂ ಶುಚಿ ಮಾಡಿ ಮತ್ತೆ ಜೋಡಿಸಿ. ಅರೆಯುವ ಸೆಟ್ಟಿಂಗ್ ನೀವು ದಿನಾ ಬಳಸುವುದೇ ಇರಲಿ. ಹಳೆಯ, ಕುಡಿಯಲು ಮನಸ್ಸಿಲ್ಲದ ಬೀಜವಿದ್ದರೆ ಅದನ್ನೇ ಬಳಸಿ, ಸುಮಾರು 75 ಗ್ರಾಂ ಬೇಕಾಗುತ್ತದೆ. ತಿದಿ ಒತ್ತದೆ, ನೀರು ಹಾಕದೆ, 18.0 ಗ್ರಾಂನ ಡೋಸ್‌ಗಳನ್ನು ಒಂದರ ಹಿಂದೆ ಒಂದು ಹಾಕಿ, ಪ್ರತಿ ಸಲ ಬಂದ ಪುಡಿಯನ್ನು ತೂಗಿ ಬರೆದುಕೊಳ್ಳಿ. ಹಾಕಿದ್ದೂ ಬಂದದ್ದೂ ಸಮ ಆಗುವವರೆಗೆ ಮುಂದುವರಿಸಿ.

ಒಂದು ಲೆಕ್ಕ ನೋಡೋಣ. 64 ಮಿ.ಮೀ. ಚಪ್ಪಟೆ ಬಿಲ್ಲೆಯ ಗ್ರೈಂಡರ್, ಎಸ್ಪ್ರೆಸೊ ಸೆಟ್ಟಿಂಗ್, ಚಿಕ್ಕಮಗಳೂರಿನ ಮಧ್ಯಮ ಹುರಿತದ ಅರೇಬಿಕಾ, ಮಾರ್ಚ್ ತಿಂಗಳ ಮಧ್ಯಾಹ್ನ ಎಂದಿಟ್ಟುಕೊಳ್ಳಿ. ಮೊದಲ ಡೋಸ್‌ಗೆ 15.9 ಗ್ರಾಂ ಬಂತು, ಕೊರತೆ 2.1. ಎರಡನೆಯದು 17.5, ಕೊರತೆ 0.5. ಮೂರನೆಯದು 17.8, ಕೊರತೆ 0.2. ನಾಲ್ಕನೆಯದು ಸರಿಯಾಗಿ 18.0. ಕೊರತೆಗಳನ್ನು ಕೂಡಿದರೆ 2.8 ಗ್ರಾಂ. ನಾಲ್ಕನೆಯ ಡೋಸ್ ಒಂದನ್ನೇ ನೋಡಿದ್ದರೆ ಉಳಿಕೆ ಸೊನ್ನೆ ಎಂದೇ ಅನ್ನಿಸುತ್ತಿತ್ತು.

ಈಗ ಬೀಜ ಹಾಕದೆ ಮೋಟಾರ್ ಚಾಲೂ ಮಾಡಿ, ತಿದಿಯನ್ನು ಐದು ಸಲ ಜೋರಾಗಿ ಒತ್ತಿ. ಬಿದ್ದ ಪುಡಿ 1.6 ಗ್ರಾಂ. ಇದೇ ನಿಮಗೆ ಬೇಕಾದ ಅಂಕಿ. ಒಳಗಿದ್ದ 2.8ರಲ್ಲಿ 1.6 ಗ್ರಾಂ ಸಡಿಲವಾಗಿ ಕೂತದ್ದು, ಮುಂದಿನ ಡೋಸ್ ಬಂದಾಗ ಅದರ ಜತೆ ಹೊರಡುವಂಥದ್ದು. ಇದನ್ನು ಓಡಾಡುವ ಉಳಿಕೆ ಎನ್ನೋಣ. ಮಿಕ್ಕ 1.2 ಗ್ರಾಂ ಬಿಲ್ಲೆಯ ಹಿಂಬದಿ, ಸ್ಕ್ರೂ ತಲೆಯ ಗುಳಿ, ಕೋಣೆಯ ಮೂಲೆಗಳಲ್ಲಿ ಗಟ್ಟಿಯಾಗಿ ಕಚ್ಚಿಕೊಂಡದ್ದು. ಅದು ಸತ್ತ ಉಳಿಕೆ, ಗೋಡೆಗೆ ಬಳಿದ ಸುಣ್ಣದಂತೆ ಅಲ್ಲೇ ಇರುತ್ತದೆ.

18 ಗ್ರಾಂ ಡೋಸ್‌ನಲ್ಲಿ 1.6 ಗ್ರಾಂ ಅಂದರೆ ಸುಮಾರು ಶೇ 9. ಬೆಳಗಿನ ಮೊದಲ ಕಾಫಿಯ ಹತ್ತರಲ್ಲಿ ಸುಮಾರು ಒಂದು ಪಾಲು ನಿನ್ನೆಯ ಪುಡಿ. ಬೀಜ ಬದಲಿಸಿದಾಗಲೂ ಅಷ್ಟೇ, ಹೊಸ ಬೀಜದ ಮೊದಲ ಡೋಸ್‌ನಲ್ಲಿ ಹಳೆಯ ಬೀಜದ ರುಚಿ. ಸೆಟ್ಟಿಂಗ್ ಸಣ್ಣಕ್ಕೆ ತಿರುಗಿಸಿದಾಗ ಇನ್ನೂ ಗೊಂದಲ: ಮೊದಲ ಶಾಟ್ ಬದಲಾಗಿಲ್ಲ ಎಂದು ಮತ್ತೂ ತಿರುಗಿಸುತ್ತೀರಿ, ಮುಂದಿನದು ಕಟ್ಟಿಕೊಂಡು ಹನಿಹನಿಯಾಗಿ ಇಳಿಯುತ್ತದೆ. ಸತ್ತ ಉಳಿಕೆಯಿಂದ ದಿನನಿತ್ಯದ ತೊಂದರೆ ಕಡಿಮೆ, ಶುಚಿ ಮಾಡುವ ದಿನ ನೋಡಿಕೊಂಡರಾಯಿತು. ಉಳಿಕೆ ಸೊನ್ನೆಯಾಗಲೇಬೇಕೆಂದು ಹಟ ಹಿಡಿಯುವವರು ಈ ಎರಡನ್ನೂ ಬೆರೆಸಿಕೊಂಡು ಸುಮ್ಮನೆ ದುಡ್ಡು ಸುರಿಯುತ್ತಾರೆ. ಹಿಡಿಯಬೇಕಾದದ್ದು ಆ 1.6 ಗ್ರಾಂ ಅನ್ನು.

ಪುಡಿ ಯಾಕೆ ಅಂಟುತ್ತದೆ

ಸಡಿಲವಾಗಿ ಕೂತ ಪುಡಿ ತನ್ನ ಭಾರಕ್ಕೇ ಬೀಳಬೇಕಿತ್ತು. ಬೀಳದಂತೆ ಹಿಡಿದಿಡುವುದರಲ್ಲಿ ಸ್ಟ್ಯಾಟಿಕ್‌ನ, ಅಂದರೆ ಮೈಮೇಲೆ ಹರಿಯದೆ ನಿಂತ ವಿದ್ಯುದಂಶದ, ಪಾಲು ದೊಡ್ಡದು. ಬೇಸಿಗೆಯಲ್ಲಿ ಮಂಡಕ್ಕಿ ಕವರ್ ಖಾಲಿ ಮಾಡಿ ನೋಡಿ. ಎಲ್ಲ ಸುರಿದ ಮೇಲೂ ಹತ್ತಿಪ್ಪತ್ತು ಕಾಳು ಪ್ಲಾಸ್ಟಿಕ್‌ನ ಒಳಮೈಗೆ ಅಂಟಿಕೊಂಡು, ಬೆರಳು ತಂದರೆ ಬೆರಳಿಗೇ ಹಾರುತ್ತವೆ. ಅದೇ ಕವರ್ ಮಳೆಗಾಲದಲ್ಲಿ ಅಷ್ಟು ಕಾಡುವುದಿಲ್ಲ. ಮೈಮೇಲೆ ಕೂತ ತೇವ ವಿದ್ಯುದಂಶವನ್ನು ಹರಿಯಗೊಡುತ್ತದೆ, ಒಣಗಾಳಿಯಲ್ಲಿ ಅದು ಹರಿಯದೆ ನಿಂತುಬಿಡುತ್ತದೆ. ಪಶ್ಚಿಮಘಟ್ಟದ ಮಳೆನೆರಳಿನಲ್ಲಿರುವ ನಮ್ಮ ಕಡೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಇದು ಜೋರು.

ಗ್ರೈಂಡರ್‌ನಲ್ಲಿ ವಿದ್ಯುದಂಶ ಹುಟ್ಟುವುದು ಎರಡು ರೀತಿ: ಬೀಜ ಲೋಹಕ್ಕೂ ಇನ್ನೊಂದು ಬೀಜಕ್ಕೂ ಉಜ್ಜುವುದರಿಂದ, ಮತ್ತು ಬೀಜ ಒಡೆಯುವುದರಿಂದಲೇ. ಜ್ವಾಲಾಮುಖಿಯ ಬೂದಿಯಲ್ಲಿ ಮಿಂಚು ಹುಟ್ಟುವುದೂ ಇದೇ ಬಗೆಯಲ್ಲಿ. ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಕ್ರಿಸ್ಟೋಫರ್ ಹೆಂಡನ್ ಜ್ವಾಲಾಮುಖಿ ಅಧ್ಯಯನ ಮಾಡುವವರನ್ನೇ ಜತೆಗೆ ಸೇರಿಸಿಕೊಂಡು ಕಾಫಿಪುಡಿಯ ಮೇಲಿನ ವಿದ್ಯುದಂಶ ಅಳೆದು, 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದರಲ್ಲಿ ನಮ್ಮ ಕೆಲಸಕ್ಕೆ ಬರುವುದು ಇಷ್ಟು: ಬೀಜದೊಳಗಿನ ತೇವವೇ ಮುಖ್ಯ. ಕಡುಹುರಿದ ಬೀಜದಲ್ಲಿ ತೇವ ಕಡಿಮೆ, ವಿದ್ಯುದಂಶ ಜಾಸ್ತಿ. ಸಣ್ಣಗೆ ಅರೆದಷ್ಟೂ ಹೆಚ್ಚು. ಅರೆಯುವ ಮೊದಲು ಬೀಜಕ್ಕೆ ಸ್ವಲ್ಪ ನೀರು ಸೋಕಿಸಿದರೆ ವಿದ್ಯುದಂಶ ಗಣನೀಯವಾಗಿ ಇಳಿಯುತ್ತದೆ.

ನೀರು ಸೋಕಿಸುವ ಈ ಉಪಾಯ ಅದಕ್ಕೂ ಮೊದಲೇ ಮನೆಕಾಫಿಯವರ ಕೈಯಲ್ಲಿತ್ತು. ಡೇವಿಡ್ ರಾಸ್ ಎಂಬವರ ಹೆಸರಿನಿಂದ ಅದಕ್ಕೆ ರಾಸ್ ಡ್ರಾಪ್ಲೆಟ್ ಟೆಕ್ನಿಕ್, ಚುಟುಕಾಗಿ ಆರ್‌ಡಿಟಿ, ಎನ್ನುತ್ತಾರೆ.

ಎಷ್ಟು ನೀರು

"ಎರಡು ಸಲ ಸ್ಪ್ರೇ ಮಾಡಿ" ಎನ್ನುವ ಸಲಹೆಗೆ ಅರ್ಥವಿಲ್ಲ. ಒಂದು ಬಾಟಲಿಯ ಒಂದು ಒತ್ತು ಇನ್ನೊಂದರ ಮೂರು ಒತ್ತಿಗೆ ಸಮ ಇರಬಹುದು. ನಿಮ್ಮ ಬಾಟಲಿಯನ್ನು ತೂಗಿ. ಬಾಟಲಿಯನ್ನೇ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಎತ್ತಿಕೊಂಡು ಸಿಂಕಿಗೆ ಹತ್ತು ಸಲ ಪೂರ್ತಿ ಒತ್ತಿ, ಮತ್ತೆ ಇಡಿ. 1.3 ಗ್ರಾಂ ಕಡಿಮೆಯಾಗಿದ್ದರೆ ಒಂದು ಒತ್ತಿಗೆ 0.13 ಗ್ರಾಂ. 0.1 ಗ್ರಾಂ ತಕ್ಕಡಿಯಾದರೆ ಇಪ್ಪತ್ತು ಸಲ ಒತ್ತಿ ಭಾಗಿಸಿ.

18 ಗ್ರಾಂ ಬೀಜಕ್ಕೆ 0.2ರಿಂದ 0.3 ಗ್ರಾಂ ನೀರಿನಿಂದ ಶುರುಮಾಡಿ. ಮೇಲಿನ ಬಾಟಲಿಯಲ್ಲಿ ಅದು ಎರಡು ಒತ್ತು, 0.26 ಗ್ರಾಂ. ಕಡುಹುರಿತಕ್ಕೂ ಬೇಸಿಗೆಗೂ ಮೂರನೆಯದೊಂದು ಬೇಕಾಗಬಹುದು. 0.4 ದಾಟಬೇಡಿ. 30 ಗ್ರಾಂ ಫಿಲ್ಟರ್ ಡೋಸ್‌ಗೂ, ಅರೆತ ದಪ್ಪಗಿರುವುದರಿಂದ, ಅದೇ ಎರಡು ಒತ್ತು ಸಾಕಾಗುತ್ತದೆ. ಸ್ಪ್ರೇ ಇಲ್ಲದಿದ್ದರೆ ಚಮಚದ ಹಿಡಿಯನ್ನು ನೀರಿನಲ್ಲಿ ಅದ್ದಿ, ಒಮ್ಮೆ ಕೊಡವಿ, ಅದರಿಂದ ಬೀಜ ಕಲಕಿ. ರಾಸ್ ಅವರ ಹೆಸರಿನ ಉಪಾಯದ ಹಳೆಯ ರೂಪ ಇದೇ, ಎರಡು ಒತ್ತಿನ ಮುಕ್ಕಾಲು ಪಾಲು ಕೆಲಸ ಮಾಡುತ್ತದೆ.

ದಿನದ ಕೆಲಸ, ಹೆಜ್ಜೆ ಹೆಜ್ಜೆಯಾಗಿ

1. ಬೀಜ 18.0 ಗ್ರಾಂ ಸ್ಟೀಲ್ ಲೋಟಕ್ಕೆ ತೂಗಿ. ವಾರದ ಡೋಸ್‌ಗಳನ್ನು ಮೊದಲೇ ತೂಗಿ ಚಿಕ್ಕ ಬಿಗಿ ಮುಚ್ಚಳದ ಶೀಶೆಗಳಲ್ಲಿ ಇಟ್ಟುಕೊಳ್ಳಬಹುದು, ಆದರೆ ನೀರು ಹಾಕಿ ಇಡಬೇಡಿ. ತೇವ ತಗುಲಿದ ಬೀಜ ಬೇಗ ಕೆಡುತ್ತದೆ.

2. ಲೋಟವನ್ನು ಓರೆ ಹಿಡಿದು, ಒಂದು ಗೇಣು ದೂರದಿಂದ ಎರಡು ಒತ್ತು. ಲೋಟದ ಬಾಯಿಗೆ ಅಂಗೈ ಮುಚ್ಚಿ ಮೂರ್ನಾಲ್ಕು ಸಲ ಕುಲುಕಿ. ಬೀಜದ ಮೈ ಸ್ವಲ್ಪ ಹೊಳೆಯಬೇಕು, ತಳದಲ್ಲಿ ನೀರು ನಿಂತಿರಬಾರದು. ಒಂದು ನಿಮಿಷದೊಳಗೆ ಅರೆಯಿರಿ. ಗ್ರೈಂಡರ್‌ನ ಒಳಗೆ ನೇರವಾಗಿ ಸ್ಪ್ರೇ ಮಾಡುವುದು ಬೇಡವೇ ಬೇಡ.

3. ಮೊದಲು ಮೋಟಾರ್ ಚಾಲೂ ಮಾಡಿ, ಆಮೇಲೆ ಬೀಜ ಸುರಿದು ಮುಚ್ಚಳ ಹಾಕಿ. ಬೀಜ ತುಂಬಿ ನಂತರ ಚಾಲೂ ಮಾಡಿದರೆ ಸಣ್ಣ ಮೋಟಾರುಗಳು ಗುಂಯ್‌ಗುಟ್ಟಿ ಸಿಕ್ಕಿಹಾಕಿಕೊಳ್ಳುತ್ತವೆ.

4. ಶಬ್ದ ಕೇಳುತ್ತಿರಿ. ಕರಕರ ನಿಂತು ಬರಿಯ ಸುಂಯ್ ಉಳಿದ ಮೇಲೆ ಮೂರು ಸೆಕೆಂಡು ಕಾಯಿರಿ. ಕೊನೆಯ ಎರಡು ಮೂರು ಬೀಜ ಅರಳಿನಂತೆ ಕುಣಿಯುತ್ತಿರುತ್ತವೆ, ಅವು ಮುಗಿಯಲಿ.

5. ಮೋಟಾರ್ ತಿರುಗುತ್ತಿರುವಾಗಲೇ ತಿದಿಯನ್ನು ನಾಲ್ಕು ಸಲ ಒತ್ತಿ. ಒತ್ತುವುದು ಚುರುಕಾಗಿ, ಬಿಡುವುದು ನಿಧಾನ. ಬೇಗ ಬಿಟ್ಟರೆ ಪುಡಿ ಮೇಲಕ್ಕೆ ಎಳೆದುಕೊಳ್ಳುತ್ತದೆ. ನಂತರ ಮೋಟಾರ್ ನಿಲ್ಲಿಸಿ ಇನ್ನೊಂದು ಸಲ ಒತ್ತಿ, ಬಾಯಿಯ ಕೊಳವೆಗೆ ಬೆರಳಿನಿಂದ ಎರಡು ಸಲ ತಟ್ಟಿ. ಗಿರಣಿಯ ಬಟ್ಟೆಗೆ ಬಡಿದ ಹಾಗೆ.

6. ಬಂದದ್ದನ್ನು ತೂಗಿ.

ಈ ಆರನೆಯದರಲ್ಲಿ ಒಂದು ಮೋಸ ಅಡಗಿದೆ. ನೀವು ಒಳಗೆ ಹಾಕಿದ್ದು 18.0 ಅಲ್ಲ, ನೀರು ಸೇರಿ 18.26. ಹೊರಗೆ 18.0 ಬಂದರೆ ಎಲ್ಲ ಬಂತು ಎಂದುಕೊಳ್ಳುತ್ತೀರಿ, ಆದರೆ 0.26 ಗ್ರಾಂ ಒಳಗಿದೆ ಅಥವಾ ಸ್ವಲ್ಪ ಆವಿಯಾಗಿದೆ. ನೀರು ತನ್ನ ತೂಕದಿಂದಲೇ ಕೊರತೆಯನ್ನು ಮುಚ್ಚಿಬಿಡುತ್ತದೆ. ಹೋಲಿಸಬೇಕಾದದ್ದು 18.26ರ ಜತೆ.

ಅದೇ ಗ್ರೈಂಡರ್ ಅನ್ನು ಮತ್ತೆ ಪೂರ್ತಿ ಶುಚಿ ಮಾಡಿ ಈ ಕ್ರಮದಲ್ಲಿ ಅಳೆದರೆ ಅಂಕಿಗಳು ಹೀಗೆ ಬದಲಾಗುತ್ತವೆ ಎಂದುಕೊಳ್ಳಿ. ಮೂರು ಡೋಸ್, ಪ್ರತಿಯೊಂದೂ 18.26. ಬಂದದ್ದು 17.2, 18.0, 18.2. ಕೊರತೆ ಒಟ್ಟು ಸುಮಾರು 1.4 ಗ್ರಾಂ. ಆಮೇಲೆ ಖಾಲಿ ಓಡಿಸಿ ತಿದಿ ಒತ್ತಿದಾಗ ಬಿದ್ದದ್ದು 0.2 ಗ್ರಾಂ ಮಾತ್ರ. ಸತ್ತ ಉಳಿಕೆ ಅದೇ 1.2ರ ಹತ್ತಿರ ನಿಂತಿದೆ, ಓಡಾಡುವುದು 1.6ರಿಂದ 0.2ಕ್ಕೆ ಇಳಿದಿದೆ. ಬೆಳಗಿನ ಕಾಫಿಯಲ್ಲಿ ನಿನ್ನೆಯ ಪಾಲು ಶೇ 9ರಿಂದ ಶೇ 1ಕ್ಕೆ ಬಂತು. ನಿಮ್ಮ ಗ್ರೈಂಡರ್‌ನ ಅಂಕಿ ಬೇರೆಯೇ ಇರುತ್ತದೆ, ಆದರೆ ನೋಡಬೇಕಾದ ಜಾಗ ಇದೇ. ತಿದಿ ಮಾತ್ರ ಅಥವಾ ನೀರು ಮಾತ್ರ ಬಳಸಿದರೆ ಇಷ್ಟು ಇಳಿಯುವುದಿಲ್ಲ. ನೀರಿಲ್ಲದೆ ತಿದಿ ಒತ್ತಿದರೆ ಹೊಟ್ಟು ಮೋಡದಂತೆ ಹಾರಿ ಕಟ್ಟೆಯೆಲ್ಲ ತುಂಬುತ್ತದೆ. ತಿದಿಯಿಲ್ಲದೆ ನೀರು ಹಾಕಿದರೆ ಪುಡಿ ಅಂಟುವುದು ನಿಲ್ಲುತ್ತದೆ, ಆದರೆ ಸಮತಟ್ಟು ಜಾಗದಲ್ಲಿ ಕೂತದ್ದನ್ನು ತಳ್ಳುವವರು ಯಾರೂ ಇರುವುದಿಲ್ಲ.

ಅರೆತದ ಸೆಟ್ಟಿಂಗ್ ಮತ್ತೆ ಹೊಂದಿಸಬೇಕು

ಹಾಪರ್‌ನಿಂದ ಸಿಂಗಲ್ ಡೋಸ್‌ಗೆ ಬಂದಾಗ ಬೀಜದ ಮೇಲೆ ಬೀಜದ ಭಾರ ಇರುವುದಿಲ್ಲ. ಸಾಮಾನ್ಯವಾಗಿ ಶಾಟ್ ಮೊದಲಿಗಿಂತ ಬೇಗ ಹರಿಯುತ್ತದೆ, ಒಂದೆರಡು ಗೆರೆ ಸಣ್ಣಕ್ಕೆ ತಿರುಗಿಸಬೇಕಾಗುತ್ತದೆ. ನೀರು ಸೋಕಿಸಿದಾಗ ಇದಕ್ಕೆ ತದ್ವಿರುದ್ಧ. ವಿದ್ಯುದಂಶದಿಂದ ಉಂಡೆಕಟ್ಟುತ್ತಿದ್ದ ಪುಡಿ ಬಿಡಿಬಿಡಿಯಾಗಿ ಎಸ್ಪ್ರೆಸೊ ಮಷಿನ್‌ನ ಬಾಸ್ಕೆಟ್‌ನಲ್ಲಿ ಒತ್ತಾಗಿ ಕೂರುತ್ತದೆ, ನೀರು ನಿಧಾನ ಹರಿಯುತ್ತದೆ, ಕಾಫಿ ಗಟ್ಟಿಯಾಗುತ್ತದೆ. ಹೆಂಡನ್ ತಂಡ ಕಂಡದ್ದೂ ಇದನ್ನೇ. ಆದ್ದರಿಂದ ಒಂದು ದಿನ ನೀರು ಹಾಕಿ ಮರುದಿನ ಮರೆತರೆ ಎರಡು ದಿನದ ಶಾಟ್ ಒಂದೇ ಥರ ಬರುವುದಿಲ್ಲ. ಹಾಕುವುದಾದರೆ ದಿನಾ ಅಷ್ಟೇ ಹಾಕಿ.

ಸೆಟ್ಟಿಂಗ್ ಬದಲಿಸಿದ ಮೇಲೆ ಮೊದಲ 2-3 ಗ್ರಾಂ ಅರೆದು ಎಸೆಯಿರಿ. ಸತ್ತ ಉಳಿಕೆಯೂ ಬಿಲ್ಲೆಗಳ ಅಂತರ ಬದಲಾದಾಗ ಸ್ವಲ್ಪ ಕಿತ್ತು ಬರುತ್ತದೆ.

ಏನು ಕೆಡುತ್ತದೆ, ಗುರುತು ಹೇಗೆ

ನೀರು ಹೆಚ್ಚಾದರೆ ಮೊದಲು ಕೊಳವೆ ಹೇಳುತ್ತದೆ. ಬಾಯಿಯ ಒಳಗೆ ಬೆರಳಾಡಿಸಿ. ಒಣಪುಡಿ ಉದುರಿದರೆ ಸರಿ, ಕಪ್ಪು ಅಂಟು ಬೆರಳಿಗೆ ಮೆತ್ತಿದರೆ ನೀರು ಜಾಸ್ತಿ. ಆ ಅಂಟು ಒಣಗಿ ಗಟ್ಟಿಯಾದರೆ ಸತ್ತ ಉಳಿಕೆ ಬೆಳೆಯುತ್ತದೆ, ಕೊಳವೆ ಕಿರಿದಾಗುತ್ತದೆ, ಒಂದು ದಿನ ಪುಡಿ ಬರುವುದೇ ನಿಲ್ಲುತ್ತದೆ. ಒತ್ತು ಒಂದು ಕಡಿಮೆ ಮಾಡಿ.

ತುಕ್ಕಿನ ಭಯ ಎಲ್ಲರಿಗೂ. ಮೇಲೆ ಹೇಳಿದಷ್ಟು ನೀರನ್ನು ಪುಡಿಯೇ ಹೀರಿಕೊಂಡು ಹೊರಗೆ ಒಯ್ಯುತ್ತದೆ. ತೊಂದರೆ ಬರುವುದು ತಳದಲ್ಲಿ ನಿಂತ ನೀರನ್ನೂ ಸುರಿದಾಗ, ಅಥವಾ ತೇವವಾದ ಬೀಜ ಅರ್ಧ ಅರೆದು ಹಾಗೇ ಬಿಟ್ಟಾಗ. ಸ್ಟೇನ್‌ಲೆಸ್ ಅಲ್ಲದ ಸ್ಟೀಲ್ ಬಿಲ್ಲೆ ಇದ್ದರೆ ತಿಂಗಳಿಗೊಮ್ಮೆ ಬಿಚ್ಚಿದಾಗ ಹಲ್ಲಿನ ಬುಡದಲ್ಲಿ ಕೆಂಪು ಚುಕ್ಕೆ ಇದೆಯೇ ನೋಡಿ. ಬಿಲ್ಲೆಗಳನ್ನು ನೀರಿನಲ್ಲಿ ತೊಳೆಯಬೇಡಿ, ಒಣ ಬ್ರಷ್ ಸಾಕು. ಸತ್ತ ಉಳಿಕೆಯನ್ನು ತೆಗೆಯುವ ದಿನವೂ ಇದೇ. ಮೂಸಿ ನೋಡಿದಾಗ ಹಳೆಯ ಕಡಲೆಬೀಜದಂತೆ ಕಮಟು ವಾಸನೆ ಬಂದರೆ ತಿಂಗಳು ಕಾಯಬೇಕಿಲ್ಲ.

ಎಷ್ಟು ನೀರು ಹಾಕಿದರೂ ಪುಡಿ ಹಾರುತ್ತಿದ್ದರೆ ಮೂರು ಕಡೆ ನೋಡಿ. ಪುಡಿ ಹಿಡಿಯುವ ಪಾತ್ರೆ ಪ್ಲಾಸ್ಟಿಕ್ ಆಗಿದ್ದರೆ ಸ್ಟೀಲಿಗೆ ಬದಲಿಸಿ. ಕೊಳವೆಯ ಬಾಯಲ್ಲಿದ್ದ ಸಣ್ಣ ರಬ್ಬರ್ ಅಥವಾ ಲೋಹದ ನಾಲಗೆಯನ್ನು ಉಳಿಕೆ ಕಡಿಮೆಯಾಗಲಿ ಎಂದು ಕಿತ್ತುಹಾಕಿದ್ದರೆ ಮತ್ತೆ ಹಾಕಿ. ಅದು ಸ್ವಲ್ಪ ಪುಡಿ ಹಿಡಿಯುತ್ತದೆ ನಿಜ, ಆದರೆ ಚಿಮ್ಮುವುದನ್ನೂ ತಡೆಯುತ್ತದೆ. ಮೂರನೆಯದು ಪ್ಲಗ್. ಮೂರು ಪಿನ್ನಿನ ಗ್ರೈಂಡರ್ ಅನ್ನು ಎರಡು ಪಿನ್ ಕನ್ವರ್ಟರ್‌ಗೆ ಸಿಕ್ಕಿಸಿದ್ದರೆ ಲೋಹದ ಮೈಯಲ್ಲಿ ಸೇರಿದ ವಿದ್ಯುದಂಶ ಭೂಮಿಗೆ ಇಳಿಯಲು ದಾರಿಯೇ ಇಲ್ಲ. ಸ್ಟ್ಯಾಟಿಕ್ ಹಾಗಿರಲಿ, ಒದ್ದೆ ಕೈಯಲ್ಲಿ ಮುಟ್ಟುವ ಯಂತ್ರಕ್ಕೆ ಅರ್ಥಿಂಗ್ ಇಲ್ಲದಿರುವುದೇ ಅಪಾಯ. ಆದರೆ ಅರ್ಥಿಂಗ್ ಒಂದರಿಂದಲೇ ಸ್ಟ್ಯಾಟಿಕ್ ಹೋಗುವುದಿಲ್ಲ. ಕಾಫಿಪುಡಿಯೂ ಪ್ಲಾಸ್ಟಿಕ್ ಕೊಳವೆಯೂ ವಿದ್ಯುತ್ ಹರಿಯಗೊಡುವ ವಸ್ತುಗಳಲ್ಲ.

ಚಿಕೋರಿ ಬೆರೆಸುವವರಿಗೆ ಒಂದು ಮಾತು. ಚಿಕೋರಿಯನ್ನು ಈ ಗ್ರೈಂಡರ್‌ಗೆ ಹಾಕಬೇಡಿ. ಅದು ತೇವ ಎಳೆದುಕೊಂಡು ಬೆಲ್ಲದಂತೆ ಅಂಟುತ್ತದೆ, ಜತೆಗೆ ಸ್ಪ್ರೇ ನೀರೂ ಸೇರಿದರೆ ಬಿಲ್ಲೆಯನ್ನು ಕೆರೆದು ತೆಗೆಯಬೇಕಾಗುತ್ತದೆ. ಕಾಫಿ ಅರೆದ ಮೇಲೆ ಪುಡಿಯಾಗಿಯೇ ಕಲಸಿ.

ಕೈಗ್ರೈಂಡರ್‌ನಲ್ಲಿ ಓಡಾಡುವ ಉಳಿಕೆ ಮೊದಲೇ ಕಡಿಮೆ, ಅಲ್ಲಿ ಕಾಡುವುದು ತಳದ ಡಬ್ಬಿಗೆ ಹೊಟ್ಟು ಅಂಟುವುದು ಮಾತ್ರ. ಒಂದು ಒತ್ತು ಸಾಕು.

ಜೂನ್‌ನಲ್ಲಿ ಗಾಳಿಗೆ ತೇವ ಬಂದ ಮೇಲೆ ಇದೇ ಅಳತೆ ನಡೆಯುವುದಿಲ್ಲ. ಎರಡು ಒತ್ತನ್ನು ಒಂದಕ್ಕೆ ಇಳಿಸಿ, ಎರಡು ದಿನ ಕೊಳವೆಯ ಬಾಯಿ ಮತ್ತು ಲೋಟದ ಅಂಚು ನೋಡಿ. ಅಂಚಿಗೆ ಪುಡಿಯ ಮೀಸೆ ಕಟ್ಟಿಲ್ಲವಾದರೆ, ಖಾಲಿ ಓಡಿಸಿ ತಿದಿ ಒತ್ತಿದಾಗ ಬೀಳುವುದು 0.2-0.3 ಗ್ರಾಂ ದಾಟದಿದ್ದರೆ, ದೀಪಾವಳಿ ಕಳೆದು ಚಳಿ ಒಣಗುವವರೆಗೆ ಆ ಒಂದೇ ಒತ್ತಿನಲ್ಲಿ ಮುಂದುವರಿಸಿ.